ಕೆಲಸವನ್ನು ಬಿಡಿಸಿ ನೋಡುವ ವಿದ್ಯೆ

ಬೈಂದೂರಿಗೆ ತಾಗಿಕೊಂಡ ಯಡ್ತರೆಯ ಸುತ್ತಮುತ್ತ ಅಡಿಕೆ, ತೆಂಗು, ಗೇರುಬೀಜ, ಮೀನು ಎಲ್ಲವೂ ಇವೆ. ಕೊಲ್ಲೂರಿನ ಯಾತ್ರಿಕರಿಂದ ನಡೆಯುವ ಹೋಟೆಲುಗಳೂ ಇವೆ. ಇಲ್ಲಿ ಕೈಕೆಲಸಕ್ಕೆ ಬರವಿಲ್ಲ. ಆದರೂ ಬೌದ್ಧಿಕ ವಿಕಲತೆಯಿರುವ ಯುವಕ ವಿಶೇಷ ಶಾಲೆ ಮುಗಿಸಿದರೆ ಅವನ ಮುಂದಿರುವುದು ಹೆಚ್ಚಾಗಿ ಮನೆ, ಇಲ್ಲವೇ ಮೇಣದಬತ್ತಿ ಮತ್ತು ಕಾಗದದ ಕವರು. ಮೇಣದಬತ್ತಿಯನ್ನು ಹಳಿಯುತ್ತಿಲ್ಲ. ಆದರೆ ಅದನ್ನು ಆರಿಸಿದ್ದು ಕಲಿಸುವವರ ಅನುಕೂಲಕ್ಕೆ. ಕಲಿಯುವವನ ಕೈಯನ್ನು ನೋಡಿಯೂ ಅಲ್ಲ, ಊರಿನ ಪೇಟೆಯನ್ನು ನೋಡಿಯೂ ಅಲ್ಲ.

ಬುದ್ಧಿಮಟ್ಟದ ಅಂಕಿ ನೋಡಿ ‘ಇವನಿಂದಾಗದು’ ಎನ್ನುವ ರೂಢಿಗೆ ಒಂದು ದೊಡ್ಡ ಪೆಟ್ಟು ಬಿದ್ದದ್ದು 1955ರಲ್ಲಿ. ಇಂಗ್ಲೆಂಡಿನ ಕ್ಲಾರ್ಕ್ ಮತ್ತು ಹರ್ಮೆಲಿನ್ ಎಂಬ ಮನೋವಿಜ್ಞಾನಿಗಳು, ಆಸ್ಪತ್ರೆಯಲ್ಲೇ ಬದುಕು ಕಳೆಯುತ್ತಿದ್ದ ಕೆಲವರಿಗೆ ಸೈಕಲ್ ಪಂಪು ಜೋಡಿಸಲು, ಟೀವಿ ಪ್ಲಗ್ಗಿಗೆ ಬಣ್ಣದ ತಂತಿಗಳನ್ನು ಬೆಸೆಯಲು ಕಲಿಸಿದರು. ಮೊದಮೊದಲು ಅವರ ಕೈ ತೀರಾ ನಿಧಾನವಾಗಿತ್ತು. ಅಭ್ಯಾಸವಾದಂತೆ ವೇಗ ಬಹಳ ಏರಿತು. ಮೊದಲ ದಿನದ ಕೈ ನೋಡಿ ಕೊನೆಯ ದಿನದ ಕೈಯನ್ನು ಊಹಿಸಲಾಗದು ಎಂಬುದು ಅಲ್ಲಿ ಸಿಕ್ಕ ಪಾಠ.

ಅಮೆರಿಕದ ಮಾರ್ಕ್ ಗೋಲ್ಡ್ ಇನ್ನೂ ಮುಂದೆ ಹೋದರು. 1972ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಕಲಿಯಬೇಕಾದದ್ದು 15 ಬಿಡಿಭಾಗಗಳ ಸೈಕಲ್ ಬ್ರೇಕಿನ ಜೋಡಣೆ. ಪ್ರತಿ ಭಾಗದ ಒಂದು ಮುಖಕ್ಕೆ ಕೆಂಪು ಬಣ್ಣ ಬಳಿದಿದ್ದ ಗುಂಪು, ಬಣ್ಣವಿಲ್ಲದ ಗುಂಪಿಗಿಂತ ಬಹಳ ಬೇಗ ಕಲಿಯಿತು. ಕಲಿಸುವಾಗ ಅವರು ಮಾತನ್ನು ಆದಷ್ಟು ಕಡಿಮೆ ಮಾಡಿದ್ದರು. ತಪ್ಪಿದರೆ ‘ಬೇರೆ ರೀತಿ ಮಾಡಿ ನೋಡು’ ಎನ್ನುವುದಷ್ಟೇ. ಕಲಿಯದಿದ್ದರೆ ಅದು ಕಲಿಸುವವನ ಸೋಲು ಎಂಬುದು ಗೋಲ್ಡ್ ಅವರ ನಿಲುವು.

ಆದರೆ ಇಷ್ಟು ಕಲಿತವರೂ ಆಶ್ರಿತ ಕಾರ್ಯಾಗಾರಗಳಲ್ಲೇ ಉಳಿದರು. ‘ಮೊದಲು ತರಬೇತಿ, ಆಮೇಲೆ ಕೆಲಸ’ ಎಂಬ ಕ್ರಮದಲ್ಲಿ ಆ ‘ಆಮೇಲೆ’ ಬರುತ್ತಲೇ ಇರಲಿಲ್ಲ. 1980ರ ದಶಕದಲ್ಲಿ ಪಾಲ್ ವೇಮನ್ ಮತ್ತಿತರರು ಈ ಕ್ರಮವನ್ನೇ ತಿರುಗಿಸಿದರು: ಮೊದಲು ನಿಜವಾದ ಕೆಲಸದ ಜಾಗ, ಅಲ್ಲಿಯೇ ಪಕ್ಕದಲ್ಲಿ ನಿಂತು ಕಲಿಸುವ ಜಾಬ್ ಕೋಚ್. 1986ರಲ್ಲಿ ಅಮೆರಿಕದ ಪುನರ್ವಸತಿ ಕಾನೂನು ಇದಕ್ಕೆ ‘ಬೆಂಬಲಿತ ಉದ್ಯೋಗ’ ಎಂಬ ಹೆಸರಿನಲ್ಲೇ ಮನ್ನಣೆ ಕೊಟ್ಟಿತು.

ನಮ್ಮಲ್ಲಿ 1984ರಲ್ಲಿ ಸಿಕಂದರಾಬಾದಿನಲ್ಲಿ ಬೌದ್ಧಿಕ ವಿಕಲತೆಗೆಂದೇ ರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಅಲ್ಲಿ ತ್ರೇಸಿಯಾ ಕುಟ್ಟಿಯವರು ಶಾಲೆಯಿಂದ ದುಡಿಮೆಗೆ ದಾಟಿಸುವ ಪಠ್ಯಗಳನ್ನು ಬರೆದರು. 1995ರ ಕಾನೂನಿನ ಉದ್ಯೋಗ ಮೀಸಲಾತಿಯಲ್ಲಿ ಬೌದ್ಧಿಕ ವಿಕಲತೆಗೆ ಪಾಲೇ ಇರಲಿಲ್ಲ. 2016ರ ಕಾನೂನು ಸರ್ಕಾರಿ ಹುದ್ದೆಗಳ ಶೇ. 4ರಲ್ಲಿ ಶೇ. 1ನ್ನು ಆಟಿಸಂ, ಮಾನಸಿಕ ಕಾಯಿಲೆ ಮುಂತಾದವುಗಳ ಜೊತೆ ಇವರಿಗೂ ಕೊಟ್ಟಿತು. ಸ್ಪರ್ಧಾತ್ಮಕ ಪರೀಕ್ಷೆ ಬರೆಯಲಾಗದವನಿಗೆ ಅದು ಕಾಗದದ ಮೇಲಿನ ಪಾಲು. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಬೆಂಗಳೂರಿನ ‘ಅಂಬಾ’. ಸುಗಂಧಾ ಸುಕೃತರಾಜ್ 2004ರಲ್ಲಿ ಕಟ್ಟಿದ ಈ ಸಂಸ್ಥೆಯಲ್ಲಿ ಓದಲು ಬಾರದವರೂ ಅಕ್ಷರಗಳನ್ನು ಚಿತ್ರದಂತೆ ಹೋಲಿಸಿ ಕಂಪ್ಯೂಟರಿಗೆ ಮಾಹಿತಿ ತುಂಬುತ್ತಾರೆ. ಓದು ಬರದು ಎಂಬ ಕೊರತೆಯನ್ನು ಬದಿಗಿಟ್ಟು, ರೂಪಗಳನ್ನು ಗುರುತಿಸುವ ಕಣ್ಣಿಗೆ ಕೆಲಸ ಕೊಟ್ಟದ್ದು ಇಲ್ಲಿನ ಜಾಣ್ಮೆ.

ಕೆಲಸವನ್ನು ಹೆಜ್ಜೆಗಳಾಗಿ ಬಿಡಿಸಿ, ಕೈಗೆ ಹೊಂದುವ ಹೆಜ್ಜೆ ಕೊಡುವ ಈ ಕ್ರಮವನ್ನು ನಮ್ಮ ಕಡೆಯ ಹಾಳೆತಟ್ಟೆ ಘಟಕಕ್ಕೆ ತಂದರೆ ಹೇಗಿರುತ್ತದೆ? ತೂತು, ಬೂಷ್ಟು ಇಲ್ಲದ ಹಾಳೆ ಆರಿಸುವುದು, ನೆನೆಸುವುದು, ಉಜ್ಜಿ ತೊಳೆಯುವುದು, ನೀರು ಬಸಿಯುವುದು, ಬಿಸಿ ಅಚ್ಚಿನಲ್ಲಿ ಒತ್ತುವುದು, ಅಂಚು ಕತ್ತರಿಸುವುದು, ಎಣಿಸಿ ಕಟ್ಟುವುದು. ಎಣಿಕೆ ಬಾರದ, ಆದರೆ ಸಣ್ಣ ಕಲೆಯನ್ನೂ ಬಿಡದ ಕಣ್ಣಿನ ಯುವಕನೊಬ್ಬ ಇದ್ದಾನೆ ಎಂದುಕೊಳ್ಳೋಣ. ಅವನನ್ನು ಅಚ್ಚಿನ ಮುಂದೆ ನಿಲ್ಲಿಸುವ ಬದಲು ಹಾಳೆ ಆರಿಸಲು, ತಟ್ಟೆ ಕಟ್ಟಲು ಕೂರಿಸಬೇಕು. 25 ತಟ್ಟೆಯ ಕಟ್ಟಿಗೆ ಕೋಲಿನಲ್ಲಿ ಎತ್ತರದ ಗುರುತು ಹಾಕೋಣವೆಂದು ಯಾರಿಗಾದರೂ ತೋಚುತ್ತದೆ. ಆದರೆ ಹಾಳೆಯ ದಪ್ಪ ಒಂದೇ ಸಮ ಇರುವುದಿಲ್ಲ, ಲೆಕ್ಕ ತಪ್ಪುತ್ತದೆ. ಅದರ ಬದಲು 25 ಗುಳಿಯ ಹಲಗೆ, ತಟ್ಟೆಗೊಂದರಂತೆ ಹುಣಿಸೆಬೀಜ. ಗುಳಿಗಳೆಲ್ಲ ತುಂಬಿದರೆ ಕಟ್ಟು ಮುಗಿಯಿತು.

ಪ್ರತಿ ಹೆಜ್ಜೆಗೂ ಕೋಚ್ ಒಂದು ಗುರುತು ಬರೆದಿಡುತ್ತಾರೆ: ತಾನೇ ಮಾಡಿದನೋ, ಬೆರಳು ತೋರಿಸಬೇಕಾಯಿತೋ, ಹೇಳಬೇಕಾಯಿತೋ, ಕೈ ಹಿಡಿಯಬೇಕಾಯಿತೋ. ಕೆಡುವುದು ಹೆಚ್ಚಾಗಿ ಇಲ್ಲಿಯೇ. ‘ಮುಂದೆ ಎಂತ ಮಾಡ್ಕ್?’ ಎಂದು ಕೋಚ್ ಪ್ರತಿಸಲ ಕೇಳುತ್ತಿದ್ದರೆ, ಆ ಪ್ರಶ್ನೆ ಬರುವವರೆಗೂ ಕೈ ಏಳುವುದಿಲ್ಲ. ಹುಡುಗ ಕೆಲಸದ ಬದಲು ಕೋಚಿನ ಮುಖ ನೋಡತೊಡಗಿದರೆ ಸಹಾಯ ಹೆಚ್ಚಾಯಿತೆಂದೇ ಅರ್ಥ; ಒಂದು ಹೆಜ್ಜೆ ಹಿಂದೆ ಸರಿದು, ಪಕ್ಕದ ಕೆಲಸಗಾರ್ತಿಗೆ ಆ ಜಾಗ ಬಿಡಬೇಕು. ಅಚ್ಚಿನ ಅಳತೆ ಬದಲಾದ ದಿನ, ಕೂರುವ ಜಾಗ ಬದಲಾದ ದಿನ ಮಾತ್ರ ಕೋಚ್ ಮತ್ತೆ ಬರಬೇಕಾಗುತ್ತದೆ.

ಇದಕ್ಕೆ ಕರಾವಳಿಯ ಮಿತಿಯೂ ಇದೆ. ಒಣ ಹಾಳೆ ಸಿಗುವುದು ಬೇಸಿಗೆಯಲ್ಲಿ. ದಾಸ್ತಾನಿಲ್ಲದ ಘಟಕ ಮಳೆಗಾಲದಲ್ಲಿ ನಿಲ್ಲುತ್ತದೆ, ತಿಂಗಳುಗಟ್ಟಲೆ ರೂಢಿ ತಪ್ಪಿದ ಕೈಗೆ ಮತ್ತೆ ಮೊದಲಿಂದ ಹೇಳಿಕೊಡಬೇಕಾದೀತು. ಹಾಗಾಗಿ ಜೂನ್ ಬರುವ ಮೊದಲೇ ಎರಡನೆಯ ಕೆಲಸ ನೋಡಿಡಬೇಕು. ಗೇರುಬೀಜ ಕಾರ್ಖಾನೆಯಲ್ಲಾದರೆ ಸಿಪ್ಪೆ ತೆಗೆದ ಬೀಜದ ಗ್ರೇಡಿಂಗ್ ಆ ಕಣ್ಣಿಗೆ ಹೊಂದುತ್ತದೆ. ಚರ್ಮ ಸುಡುವ ಎಣ್ಣೆಯಿರುವ, ಬೀಜ ಒಡೆಯುವ ವಿಭಾಗ ಬೇಡ.