ಹೆಣ್ಣು ನೋಡುವ ದಿನದ ಮೊದಲ ಮಾತುಗಳು

ಹೆಣ್ಣು ನೋಡಲು ಬಂದ ದಿನ ಎರಡು ಮನೆಯವರು ಒಬ್ಬರನ್ನೊಬ್ಬರು ಮಾತಾಡಿಸುವುದರಲ್ಲಿ ಒಂದು ನಾಜೂಕಿದೆ. ಬಂದವರಿಗೆ ಮರ್ಯಾದೆ ಪೂರ್ತಿಯಾಗಿ ಸಲ್ಲಬೇಕು. ಆದರೆ ಸಂಬಂಧ ಇನ್ನೂ ಕುದುರಿಲ್ಲವಾದ್ದರಿಂದ ನೆಂಟರ ಸಲಿಗೆ ಇಣುಕಬಾರದು. ಜಾತಿ, ಊರು, ಮನೆತನಕ್ಕೆ ತಕ್ಕಂತೆ ರೂಢಿ ಬೇರೆಯಾಗುತ್ತದೆ. ಇಲ್ಲಿ ಹೇಳಿರುವುದು ಮುಖ್ಯವಾಗಿ ಹಳೇ ಮೈಸೂರು ಸೀಮೆಯದು.

ಬಾಗಿಲಲ್ಲಿ

ಮೊದಲು ಕೈ ಮುಗಿಯುವುದು ಹೆಣ್ಣಿನ ತಂದೆ, ಇಲ್ಲವೇ ಆ ಮನೆಯ ಹಿರಿಯರು. ಗೇಟಿನವರೆಗೆ ಬಂದು ‘ಬನ್ನಿ, ಬನ್ನಿ, ನಮಸ್ಕಾರ’ ಎನ್ನುತ್ತಾರೆ. ಬಂದವರಲ್ಲಿ ವಯಸ್ಸಾದವರಿಗೆ ಮೊದಲ ನಮಸ್ಕಾರ, ಹುಡುಗನ ಸರದಿ ಆಮೇಲೆ. ಗಂಡಸರು ಕೈ ಕುಲುಕುವುದೂ ಉಂಟು. ಹೆಂಗಸರನ್ನು ಹೆಣ್ಣಿನ ತಾಯಿಯೇ ಎದುರುಗೊಂಡು ಒಳಗೆ ಕರೆದೊಯ್ಯುತ್ತಾರೆ. ಹಳ್ಳಿಯ ಮನೆಗಳಲ್ಲಿ ಕೈಕಾಲಿಗೆ ಚೊಂಬಿನಲ್ಲಿ ನೀರು ಕೊಡುವ ವಾಡಿಕೆ ಇನ್ನೂ ಇದೆ.

ಎರಡೂ ಕಡೆ ಗೊತ್ತಿರುವ ನಡುವಿನವರು ಜೊತೆಯಲ್ಲಿದ್ದರೆ ಬಹಳ ಅನುಕೂಲ. ಹುಡುಗನ ಜೊತೆ ಅದೇ ವಯಸ್ಸಿನ ತಮ್ಮನೋ ಭಾವನೋ ಬಂದಿದ್ದರೆ, ಮನೆಯವರು ಅವನನ್ನೇ ವರ ಎಂದುಕೊಂಡು ಉಪಚರಿಸುವ ಮುಜುಗರ ಆಗಾಗ ನಡೆಯುತ್ತದೆ. ಎಲ್ಲರೂ ಕೂತ ಕೂಡಲೇ ಯಾರು ಯಾರೆಂದು ನಡುವಿನವರು ಹೇಳಿಬಿಡಬೇಕು.

ಏನೆಂದು ಕರೆಯುವುದು

ತೊಡಕಿರುವುದು ಇಲ್ಲಿಯೇ. ಕನ್ನಡದಲ್ಲಿ ಹಿರಿಯರನ್ನು ಹೆಸರು ಹಿಡಿದು ಕರೆಯುವ ರೂಢಿಯಿಲ್ಲ, ಸಂಬಂಧದಿಂದ ಕರೆಯಬೇಕು. ಆ ಸಂಬಂಧವೇ ಇನ್ನೂ ಹುಟ್ಟಿಲ್ಲ. ‘ಬೀಗರೇ’ ಎಂದು ಕರೆದರೆ ಒಪ್ಪಿಗೆಯನ್ನು ತಾವೇ ಘೋಷಿಸಿದಂತೆ. ಹುಡುಗ ಹೆಣ್ಣಿನ ತಂದೆಯನ್ನು ‘ಮಾವ’ ಎಂದರಂತೂ ಕೂತವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಹಾಗಾಗಿ ‘ಯಜಮಾನ್ರೇ’, ‘ಗೌಡ್ರೇ’, ‘ಮೇಷ್ಟ್ರೇ’, ‘ಅಮ್ಮಾವ್ರೇ’ ಎಂಬ ಗೌರವದ ಕರೆಗಳು ಬಳಕೆಯಲ್ಲಿವೆ. ಬೆಂಗಳೂರಿನ ಮನೆಗಳಲ್ಲಿ ಆ ಜಾಗಕ್ಕೆ ‘ಅಂಕಲ್’, ‘ಆಂಟಿ’ ಬಂದಿವೆ. ಯಾರನ್ನೂ ಯಾವ ಸಂಬಂಧಕ್ಕೂ ಕಟ್ಟಿಹಾಕದ ಮಾತುಗಳಾದ್ದರಿಂದ ಈ ಸಂದರ್ಭಕ್ಕೆ ಚೆನ್ನಾಗಿಯೇ ಒದಗುತ್ತವೆ.

ಹುಡುಗನಿಗೆ ಎಷ್ಟೇ ಎಳೆಯ ವಯಸ್ಸಾದರೂ ಹೆಣ್ಣಿನ ಮನೆಯವರು ಅಂದು ‘ನೀವು’ ಎಂದೇ ಮಾತಾಡಿಸುತ್ತಾರೆ.

ಮೊದಲ ಕಾಲು ಗಂಟೆ

ಹಾಸನದ ಮನೆಯವರು ಐದು ಜನ ಮಂಡ್ಯದ ಮನೆಗೆ ಬಂದಿದ್ದಾರೆ ಎಂದುಕೊಳ್ಳಿ. ಮಾತು ಹೀಗೆ ಸಾಗುತ್ತದೆ:

‘ಬನ್ನಿ, ಕೂತ್ಕೊಳ್ಳಿ. ಮನೆ ಸಲೀಸಾಗಿ ಸಿಕ್ತಾ?’

‘ಸಿಕ್ತು ಯಜಮಾನ್ರೇ. ದೇವಸ್ಥಾನದ ಹತ್ರ ಒಬ್ಬರನ್ನ ಕೇಳಿದ್ವಿ, ನಿಮ್ಮ ಹೆಸರು ಹೇಳ್ತಿದ್ದಂಗೆ ತೋರಿಸಿದ್ರು.’

‘ಎಷ್ಟೊತ್ತಿಗೆ ಹೊರಟ್ರಿ? ನಿಮ್ಮ ಕಡೆ ಮಳೆ ಹೆಂಗಿದೆ?’

‘ಹೋದ ವಾರ ಪರವಾಗಿಲ್ಲ. ಅಮ್ಮನಿಗೆ ಮಂಡಿನೋವು, ನಿಧಾನಕ್ಕೆ ಬಂದ್ವಿ.’

ಮೇಲ್ನೋಟಕ್ಕೆ ದಾರಿ, ಮಳೆಯ ಮಾತು. ಆದರೆ ಊರಲ್ಲಿ ಕೇಳಿದ ತಕ್ಷಣ ಮನೆ ತೋರಿಸಿದರು ಎನ್ನುವುದರಲ್ಲಿ ಹೆಣ್ಣಿನ ತಂದೆಗೆ ಒಂದು ಗೌರವ ಸಂದಿತು. ಮಳೆಯ ನೆಪದಲ್ಲಿ ಜಮೀನಿನ ಮಾತು ಬರಲು ದಾರಿಯಾಯಿತು. ಮಂಡಿನೋವಿನ ಮಾತು ಕೇಳಿದ ಹೆಣ್ಣಿನ ತಾಯಿ, ಹುಡುಗನ ಅಜ್ಜಿಗೆ ಎತ್ತರದ ಕುರ್ಚಿ ಹಾಕಿಸುತ್ತಾರೆ. ಆಮೇಲೆ ಊರು, ಮೂಲ, ದೂರದ ಪರಿಚಿತರ ವಿಚಾರ. ‘ನಿಮ್ಮೂರಲ್ಲಿ ನಮ್ಮ ದೊಡ್ಡಪ್ಪನ ಮಗಳನ್ನ ಕೊಟ್ಟಿದೆ’ ಎಂಬ ಮಾತು ಬಂದರೆ ಇಬ್ಬರೂ ಸ್ವಲ್ಪ ಹಗುರಾಗುತ್ತಾರೆ.

ಈ ಹೊತ್ತಿನಲ್ಲೇ ‘ಸಂಬಳ ಎಷ್ಟು?’, ‘ಸೈಟು ಯಾರ ಹೆಸರಲ್ಲಿದೆ?’ ಎಂದು ಕೇಳಿದರೆ ಭೇಟಿ ಕೆಡುತ್ತದೆ. ಉತ್ತರಗಳು ‘ಹೂಂ’, ‘ಹೌದು’ಗಳಿಗೆ ಇಳಿಯುತ್ತವೆ, ಮಾತೆಲ್ಲ ನಡುವಿನವರ ಮೇಲೆ ಬೀಳುತ್ತದೆ. ಮೂಲೆಯಲ್ಲಿ ಕೂತ ಅಜ್ಜಿಯನ್ನು ಯಾರೂ ಮಾತಾಡಿಸದಿರುವುದೂ ಅಷ್ಟೇ ದೊಡ್ಡ ಲೋಪ. ಅದರ ಫಲ ಅಂದು ಕಾಣದೆ, ಅವರು ಮನೆಗೆ ಹೋದ ಮೇಲೆ ಕಾಣುತ್ತದೆ.

ಉತ್ತರ ಕರ್ನಾಟಕದಲ್ಲಿ

ಧಾರವಾಡದ ಕಡೆ ಹೆಣ್ಣು ನೋಡುವುದೆಂದರೆ ‘ಕನ್ಯಾ ನೋಡೋದು’. ‘ಬರ್ರೀ ಬರ್ರೀ, ಕುಂದರ್ರಿ, ಆರಾಮ ಅದೀರಿಲ್ರಿ?’ ಎಂಬ ಸ್ವಾಗತ. ಲಿಂಗಾಯತ ಮನೆಗಳಲ್ಲಿ ‘ಶರಣ್ರೀ’ ಎಂದರೆ ‘ಶರಣ್ರೀ’ ಎಂದೇ ಮರುನುಡಿ. ಮಾತಿನ ತುದಿಯ ‘ರೀ’ಯಲ್ಲೇ ಮರ್ಯಾದೆ ಅಡಗಿರುವುದರಿಂದ, ಏನೆಂದು ಕರೆಯಲಿ ಎಂಬ ಪೇಚು ಅಲ್ಲಿ ಕಡಿಮೆ.

ಹುಡುಗಿ ಬಂದಾಗ

ಉಪ್ಪಿಟ್ಟು, ಕೇಸರಿಬಾತು, ಕಾಫಿಯ ಹೊತ್ತಿಗೆ ಹುಡುಗಿ ಬಂದು ಎಲ್ಲರಿಗೂ ಒಟ್ಟಾಗಿ ಕೈ ಮುಗಿಯುತ್ತಾಳೆ. ಹಿರಿಯರ ಕಾಲಿಗೆ ನಮಸ್ಕರಿಸುವುದು ಕೆಲವು ಮನೆಗಳಲ್ಲಿದೆ. ಹುಡುಗನ ಕಡೆಯವರು ಮೊದಲು ‘ಬಾಮ್ಮ, ಕೂತ್ಕೊ’ ಎಂದು ಕೂರಿಸಬೇಕು. ನಿಲ್ಲಿಸಿಕೊಂಡು ಪ್ರಶ್ನೆ ಕೇಳುವುದು ಅವಮಾನ. ಬಯೋಡೇಟಾದಲ್ಲಿ ಆಗಲೇ ಓದಿರುವ ಹೆಸರನ್ನು ‘ಹೆಸರೇನಮ್ಮ?’ ಎಂದು ಕೇಳುವುದು ಹಳೆಯ ಪದ್ಧತಿ. ಅದು ದನಿ ಕೇಳುವ, ಮಾತು ಪರೀಕ್ಷಿಸುವ ನೆಪವಾಗಿತ್ತು. ಇದನ್ನು ಬಿಟ್ಟುಬಿಡುವುದೇ ಒಳ್ಳೆಯದು. ‘ಕೆಲಸ ಹೆಂಗೆ ನಡೀತಿದೆಯಮ್ಮ?’ ಎಂದು ಕೇಳಿದರೆ ದನಿಯೂ ಕೇಳುತ್ತದೆ, ಅವಳಿಗೆ ಹೇಳಲು ಒಂದು ವಿಷಯವೂ ಸಿಗುತ್ತದೆ. ಹುಡುಗಿಯನ್ನು ಹುಡುಗ ಮಾತಾಡಿಸುವಾಗ ‘ನೀವು’ ಎಂದೇ ಆಗಬೇಕು, ಅವನಿಗೆ ಅವಳ ಮನೆಯವರು ಕೊಟ್ಟ ಮರ್ಯಾದೆಯೇ ಅಳತೆ.

‘ಬೀಗರೇ’ ಎಂಬ ಕರೆ ಸಲೀಸಾಗಿ ಬಾಯಿಗೆ ಬರುವುದು ನಿಶ್ಚಿತಾರ್ಥದಲ್ಲಿ ತಾಂಬೂಲ ಬದಲಾಯಿಸಿಕೊಂಡ ಮೇಲೆ.