ಹರಾಮಿ, ಟ್ವೀಜರ್ ಟಾಪ್, ಮಾರುಬೊಜು

ಜಪಾನಿನ ಅಕ್ಕಿ ವ್ಯಾಪಾರದ ಪರಂಪರೆಯೊಂದಿಗೆ ಬೆಳೆದು, ಇಂದು ಷೇರುಪೇಟೆಯಲ್ಲಿ ಬಳಕೆಯಲ್ಲಿರುವ ಮೂರು ಕ್ಯಾಂಡಲ್ ಆಕೃತಿಗಳು. ದೊಡ್ಡ ಕ್ಯಾಂಡಲಿನ ದೇಹದೊಳಗೆ ಮರುದಿನದ ಸಣ್ಣ ದೇಹ ಅಡಗಿದರೆ ಅದು ಹರಾಮಿ, ಅಂದರೆ ಗರ್ಭಿಣಿ. ಅಕ್ಕಪಕ್ಕದ ಎರಡು ಕ್ಯಾಂಡಲ್‌ಗಳ ಗರಿಷ್ಠ ಬೆಲೆ ಒಂದೇ ಮಟ್ಟದಲ್ಲಿ ನಿಂತರೆ ಟ್ವೀಜರ್ ಟಾಪ್. ಮೇಲೂ ಕೆಳಗೂ ನೆರಳಿಲ್ಲದ ಉದ್ದನೆಯ ಬೋಳು ಕ್ಯಾಂಡಲ್ ಮಾರುಬೊಜು.

ಒಸಾಕಾದ ದೋಜಿಮಾ ಅಕ್ಕಿ ವಿನಿಮಯ ಕೇಂದ್ರಕ್ಕೆ 1730ರಲ್ಲಿ ತೊಕುಗಾವ ಆಡಳಿತದ ಮಾನ್ಯತೆ ಸಿಕ್ಕಿತು. ಅಲ್ಲಿ ಅಕ್ಕಿಯ ಚೀಟಿಗಳೂ ಮುಂಗಡ ವ್ಯವಹಾರಗಳೂ ಕೈಬದಲಾಗುತ್ತಿದ್ದವು. ಸಕಾತಾ ಊರಿನ ವರ್ತಕ ಹೊಮ್ಮಾ ಮುನೆಹಿಸಾ (1724–1803) ಕ್ಯಾಂಡಲ್ ಚಾರ್ಟನ್ನು ಕಂಡುಹಿಡಿದನೆಂಬುದು ಎಲ್ಲ ಕಡೆ ಕೇಳಿಬರುವ ಮಾತು. ಅದನ್ನು ದಂತಕಥೆಯ ಲೆಕ್ಕಕ್ಕೆ ಹಾಕುವುದೇ ವಾಸಿ. ಆತ ಬೆಲೆಯ ಹಿಂದಿನ ಜನಮನಸ್ಸನ್ನು ಓದುತ್ತಿದ್ದ ಚತುರ ವ್ಯಾಪಾರಿ. ನಾವು ಕಾಣುವ ರೂಪದ ಚಾರ್ಟು ಮೇಜಿ ಯುಗದ ಆರಂಭದಲ್ಲಿ, ಅಂದರೆ ಹೊಮ್ಮಾ ತೀರಿಕೊಂಡು ಹಲವು ದಶಕಗಳ ನಂತರ ಬಂದಿರಬೇಕೆಂದು ಸ್ಟೀವ್ ನಿಸನ್ ಊಹಿಸುತ್ತಾರೆ.

ಈ ವಿದ್ಯೆಯನ್ನು ಇಂಗ್ಲಿಷ್ ಓದುಗರಲ್ಲಿ ಜನಪ್ರಿಯಗೊಳಿಸಿದವರು ಇದೇ ನಿಸನ್. 1991ರ ತಮ್ಮ ಪುಸ್ತಕದಲ್ಲಿ ಅವರು ಆಕೃತಿಗಳ ಪಟ್ಟಿ ಕೊಟ್ಟು ಸುಮ್ಮನಾಗಲಿಲ್ಲ. ಟ್ರೆಂಡ್ ಲೈನ್, ಸಪೋರ್ಟ್, ರೆಸಿಸ್ಟೆನ್ಸ್‌ಗಳ ಜೊತೆಗಿಟ್ಟು ಓದಬೇಕೆಂದು ಒತ್ತಿ ಹೇಳಿದರು. ಆದರೆ ಚಿತ್ರಗಳನ್ನು ಬಾಯಿಪಾಠ ಮಾಡುವುದು ಸುಲಭ. ಹಾಗಾಗಿ ಮುಂದೆ ಬಂದ ಚೀಟ್‌ಶೀಟ್‌ಗಳಲ್ಲಿ ಆಕೃತಿ ಉಳಿಯಿತು, ಅದು ನಿಂತ ಜಾಗ ಬಿಟ್ಟುಹೋಯಿತು.

ಜಾಗ ಏಕೆ ಮುಖ್ಯವೆಂದು ಒಂದು ಕಾಲ್ಪನಿಕ ಲೆಕ್ಕದಿಂದ ನೋಡಬಹುದು. ಒಂದು ಷೇರು ಕೆಲವು ವಾರಗಳಲ್ಲಿ 400 ರೂಪಾಯಿಯಿಂದ ಏರುತ್ತ ಬಂದಿದೆ. ಎರಡು ತಿಂಗಳ ಹಿಂದೆ 502ರಲ್ಲಿ ಅದು ಒಮ್ಮೆ ತಿರುಗಿ ಇಳಿದಿತ್ತು. ಮೊದಲ ದಿನ 482ಕ್ಕೆ ತೆರೆದು, 480 ಮುಟ್ಟಿ, 500ರವರೆಗೆ ಹೋಗಿ 498ಕ್ಕೆ ಮುಗಿಯುತ್ತದೆ. ಮರುದಿನ 495ಕ್ಕೆ ತೆರೆದು ಮತ್ತೆ 500ನ್ನೇ ಮುಟ್ಟಿ, ಅಲ್ಲಿಂದ ಜಾರಿ 490ಕ್ಕೆ ಮುಗಿಯುತ್ತದೆ. ಎರಡನೇ ದೇಹ ಮೊದಲನೆಯದರೊಳಗಿದೆ, ಆದ್ದರಿಂದ ಹರಾಮಿ. ಎರಡೂ ದಿನ 500ರಲ್ಲೇ ತಲೆ ತಾಗಿದೆ, ಆದ್ದರಿಂದ ಟ್ವೀಜರ್ ಟಾಪ್. ಇದು ಕೊಳ್ಳುವವರ ದಮ್ಮು ಕಡಿಮೆಯಾದ ಸುಳಿವು, ಇಳಿಕೆಯ ಖಾತರಿಯಲ್ಲ. ಮೂರನೇ ದಿನ 489ಕ್ಕೆ ತೆರೆದು, ಒಮ್ಮೆಯೂ ಮೇಲೇಳದೆ 470ಕ್ಕೆ, ದಿನದ ಕನಿಷ್ಠದಲ್ಲೇ ಮುಗಿದರೆ ಅದು ಇಳಿಕೆಯ ಮಾರುಬೊಜು. ಅದು 480ರ ಕೆಳಗೆ ಮುಗಿದಿದ್ದರಿಂದ ಸುಳಿವಿಗೆ ಪುಷ್ಟಿ ಸಿಕ್ಕಿತು.

ಪುಷ್ಟಿಗೂ ಬೆಲೆ ತೆರಬೇಕು. ಫ್ಯೂಚರ್ಸ್‌ನಲ್ಲಿ ಶಾರ್ಟ್ ಮಾಡುವವನು ಸ್ಟಾಪ್‌ಲಾಸನ್ನು ಹಳೆಯ ತುದಿಯ ಮೇಲೆ 503ರಲ್ಲಿ ಇಟ್ಟರೆ, 480 ಮುರಿದಾಗಲೇ ಇಳಿದವನ ಅಪಾಯ 23 ರೂಪಾಯಿ. ದಿನ ಮುಗಿಯುವವರೆಗೆ ಕಾದು 470ಕ್ಕೆ ಇಳಿದವನದು 33. ಕಾಯದವನು ಹುಸಿ ಮುರಿತಕ್ಕೆ ಸಿಕ್ಕಿಬೀಳಬಹುದು, ಕಾದವನಿಗೆ ಕೆಳಗೆ ಉಳಿದಿರುವ ಲಾಭವೇ ಕಡಿಮೆ.

ಇದೇ ಮೂರು ಕ್ಯಾಂಡಲ್‌ಗಳು 470 ಮತ್ತು 530ರ ನಡುವೆ ತಿಂಗಳುಗಟ್ಟಲೆ ತೂಗಾಡುತ್ತಿರುವ ಷೇರಿನಲ್ಲಿ ಬಂದವೆನ್ನಿ. ತಿರುಗಲು ಅಲ್ಲಿ ಏರಿಕೆಯೇ ಇಲ್ಲ; 500 ಬರೀ ನಡುಮಟ್ಟ. ಅದೂ ಅಲ್ಲದೆ ಮಾರುಬೊಜು ಮುಗಿದ 470 ಪಟ್ಟಿಯ ತಳ, ಹಿಂದೆಲ್ಲ ಕೊಳ್ಳುವವರು ಎದ್ದುಬಂದ ಜಾಗ. ಮೊದಲ ಪ್ರಸಂಗದಲ್ಲಿ ಮಾರಾಟದ ಪುಷ್ಟಿಯಾಗಿದ್ದ ಕ್ಯಾಂಡಲ್ ಇಲ್ಲಿ ಮಾರುವವನನ್ನು ತಪ್ಪು ಜಾಗಕ್ಕೆ ತಂದು ನಿಲ್ಲಿಸುತ್ತದೆ.

ಭಾರತದ ಚಾರ್ಟುಗಳಲ್ಲಿ ಇನ್ನೊಂದು ತೊಡಕಿದೆ. ಎನ್‌ಎಸ್‌ಇ ನಗದು ವಿಭಾಗದಲ್ಲಿ ಬಹುಕಾಲದಿಂದ ಮುಕ್ತಾಯ ಬೆಲೆಯೆಂದು ಲೆಕ್ಕಕ್ಕೆ ಬಂದದ್ದು ಕೊನೆಯ ಅರ್ಧ ಗಂಟೆಯ ವಹಿವಾಟಿನ ತೂಕಿತ ಸರಾಸರಿ, ಕಟ್ಟಕಡೆಯ ವ್ಯವಹಾರದ ದರವಲ್ಲ. ಕೊನೆಯ ನಿಮಿಷಗಳಲ್ಲೂ ಬೆಲೆ ಕುಸಿಯುತ್ತಿದ್ದರೆ ಸರಾಸರಿ ಕನಿಷ್ಠಕ್ಕಿಂತ ಮೇಲೆ ನಿಲ್ಲುತ್ತದೆ, ಕ್ಯಾಂಡಲಿಗೆ ಸಣ್ಣ ಬಾಲ ಮೂಡುತ್ತದೆ. ಶುದ್ಧ ಮಾರುಬೊಜು ದಿನದ ಚಾರ್ಟಿನಲ್ಲಿ ಅಪರೂಪವಾಗಲು ಇದೂ ಒಂದು ಕಾರಣ. ಆದ್ದರಿಂದ ಅನುಭವಿಗಳು ಚಿಕ್ಕ ನೆರಳನ್ನು ಕ್ಷಮಿಸುತ್ತಾರೆ. ಟ್ವೀಜರ್ ಟಾಪ್‌ನದು ಬೇರೆ ಕಥೆ. ಸರ್ಕ್ಯೂಟ್ ಮಿತಿ ಮುಟ್ಟಿದ ಷೇರಿನ ಗರಿಷ್ಠವನ್ನು ನಿಯಮ ತಡೆದಿರುತ್ತದೆ, ಮಾರುವವರಲ್ಲ. ವಹಿವಾಟು ತೀರ ಕಡಿಮೆಯಿರುವ ಷೇರಿನಲ್ಲಿ ಬೆರಳೆಣಿಕೆಯ ಆರ್ಡರುಗಳೇ ಸಮಾನ ತುದಿಗಳನ್ನು ಬಿಡಿಸಬಲ್ಲವು.

ಆಕೃತಿಗಳು ಹಣ ತರುತ್ತವೆಯೇ ಎಂಬ ಪ್ರಶ್ನೆಗೆ ಸಂಶೋಧಕರ ಉತ್ತರ ಉತ್ಸಾಹ ತರುವಂಥದ್ದಲ್ಲ. ಮಾರ್ಷಲ್, ಯಂಗ್ ಮತ್ತು ರೋಸ್ 2006ರಲ್ಲಿ ಪ್ರಕಟಿಸಿದ ಅಧ್ಯಯನ ಡೌ ಜೋನ್ಸ್ ಸೂಚ್ಯಂಕದ ಷೇರುಗಳ 1992ರಿಂದ 2002ರವರೆಗಿನ ಬೆಲೆಗಳನ್ನು ಪರೀಕ್ಷಿಸಿ, ಕ್ಯಾಂಡಲ್ ನಿಯಮಗಳಿಂದ ಲಾಭ ಸಿಗುವ ಪುರಾವೆ ಇಲ್ಲವೆಂದಿತು. ಹಳೆಯ ತುದಿ ಎಲ್ಲಿದೆ, ಬೆಲೆ ಯಾವ ಮಟ್ಟಕ್ಕೆ ಬಂದು ತಾಗಿದೆ ಎಂಬುದನ್ನು ಹೀಗೆ ನಿಯಮವಾಗಿ ಬರೆದು ಪರೀಕ್ಷಿಸುವುದು ಆಕೃತಿಯನ್ನು ಗುರುತಿಸುವುದಕ್ಕಿಂತ ಕಷ್ಟ. ವ್ಯಾಪಾರಿಗಳು ಈ ಫಲಿತಾಂಶವನ್ನು ಒಪ್ಪದಿರುವುದೂ ಇದೇ ಕಾರಣ ಹೇಳಿ.