ಆಫರ್ ಲೆಟರ್ ಬರುವ ಮೊದಲು ಈಗಿನ ಧಣಿಗೆ ಫೋನ್ ಬೇಡ

ಮಂಗಳೂರಿನ ಅಂಗಡಿಯಲ್ಲಿ ಲೆಕ್ಕ ಬರೆಯುವ ಕಾಸರಗೋಡಿನ ಹುಡುಗನೊಬ್ಬ ಬೆಂಗಳೂರಿನ ಕಂಪೆನಿಗೆ ಅರ್ಜಿ ಹಾಕಿದ ಎಂದಿಟ್ಟುಕೊಳ್ಳಿ. ಅಲ್ಲಿನ ಎಚ್‌ಆರ್ ನೇರ ಅಂಗಡಿಗೆ ಫೋನ್ ಮಾಡಿದರೆ, ಹೊಸ ಕೆಲಸ ಸಿಗುವ ಮೊದಲೇ ಇದ್ದ ಕೆಲಸಕ್ಕೆ ಕುತ್ತು.

ಫಾರ್ಮ್‌ನಲ್ಲಿ ‘ಈಗಿನ ಮಾಲಕರನ್ನು ಸಂಪರ್ಕಿಸಬಹುದೇ?’ ಎಂದಿದ್ದರೆ ‘ಈಗ ಬೇಡ’ ಎಂದು ಬರೆಯಬೇಕು. ಅಷ್ಟೇ ಸಾಲದು. ವಿಚಾರಿಸುವುದು ಅನೇಕ ಕಡೆ ಹೊರಗಿನ ಏಜೆನ್ಸಿ, ಅವರಿಗೆ ನಮ್ಮ ಮಾತು ತಲುಪದೆ ಹೋಗಬಹುದು. ಆದ್ದರಿಂದ ಎಚ್‌ಆರ್‌ಗೆ ಇಮೇಲ್ ಹಾಕಿ:

“ನಾನು ಕೆಲಸ ಹುಡುಕುವುದು ಇಲ್ಲಿ ಯಾರಿಗೂ ಗೊತ್ತಿಲ್ಲ. ಲಿಖಿತ ಆಫರ್ ಕೊಟ್ಟ ಮೇಲೆ, ನನಗೆ ತಿಳಿಸಿಯೇ ಸಂಪರ್ಕಿಸಿ. ನಿಮ್ಮ ಏಜೆನ್ಸಿಗೂ ಹೇಳಿ. ಸದ್ಯಕ್ಕೆ ಹಿಂದಿನ ಮಾಲಕರ ನಂಬರ್, ಸಂಬಳದ ಸ್ಲಿಪ್ ಕೊಡುತ್ತೇನೆ.”

ಆಫರ್ ಲೆಟರಿನಲ್ಲಿ ‘ಪರಿಶೀಲನೆಗೆ ಒಳಪಟ್ಟು’ ಎಂದಿದ್ದರೆ ಅದು ಇನ್ನೂ ಪಕ್ಕಾ ಅಲ್ಲ. ಉಳಿದ ಪರಿಶೀಲನೆ ಮುಗಿಯಿತೇ ಎಂದು ಕೇಳಿಯೇ ರಾಜೀನಾಮೆ ಕೊಡಿ.